ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ಗೇಮಿಂಗ್ ಪಿಸಿ: ಎಂಸಿಬಿ ಬೀಳದಂತೆ, ವೈರ್ ಸುಡದಂತೆ ಆಡುವ ಸೂತ್ರಗಳು

ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ಗೇಮಿಂಗ್ ಪಿಸಿ ಓಡಿಸಬಹುದೇ ಎಂಬ ಪ್ರಶ್ನೆಗೆ ಎರಡು ಉತ್ತರ ಸಿಗುತ್ತವೆ. ವಾರ್ಡನ್ ಹೇಳುವುದು, ‘ಒಂದು ಕೋಣೆಯಲ್ಲಿ ನಾಲ್ಕು ಗೇಮಿಂಗ್ ಪಿಸಿ ಹಾಕಿದರೆ ಬ್ಲಾಕೇ ಸುಟ್ಟುಹೋಗುತ್ತದೆ.’ ಹುಡುಗರು ಹೇಳುವುದು, ‘ಕಂಪ್ಯೂಟರ್ ಏನು ಹೀಟರ್ರಾ? ಏನೂ ಆಗಲ್ಲ.’ ಇಬ್ಬರೂ ಲೆಕ್ಕ ಹಾಕಿರುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ನಾಲ್ಕು ಪಿಸಿಗಳ ಒಟ್ಟು ಭಾರ ಒಂದು ನೀರು ಕಾಯಿಸುವ ಕೆಟಲ್‌ಗಿಂತ ಕಡಿಮೆ. ತೊಂದರೆ ಇರುವುದು ಆ ಭಾರ ಮೂರು ನಾಲ್ಕು ಗಂಟೆ ಬಿಡದೆ ಹರಿಯುವುದರಲ್ಲಿ, ಅದು ಹಾದುಹೋಗುವ ಸಡಿಲ ಜೋಡಣೆಗಳಲ್ಲಿ, ಮತ್ತು ಪಕ್ಕದ ಕೋಣೆಯವರೂ ಅದೇ ವೈರಿನ ಪಾಲುದಾರರಾಗಿರುವುದರಲ್ಲಿ.

1. ಎಸ್‌ಎಂಪಿಎಸ್ ಮೇಲೆ ಬರೆದ ಸಂಖ್ಯೆ ಕೂಡಬೇಡಿ, ಗೋಡೆಯಿಂದ ಎಳೆಯುವುದನ್ನು ಕೂಡಿ

ಎಸ್‌ಎಂಪಿಎಸ್ ಮೇಲೆ 650 ವಾಟ್ ಎಂದಿದ್ದರೆ ಅದು ಕೊಡಬಲ್ಲ ಗರಿಷ್ಠ, ಸದಾ ಎಳೆಯುವ ಪ್ರಮಾಣವಲ್ಲ. ನಿಜವಾದ ಭಾರ ನಿರ್ಧಾರವಾಗುವುದು ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡಿನಿಂದ, ಆಮೇಲೆ ಪ್ರೊಸೆಸರಿನಿಂದ.

ನಾಲ್ವರ ಕೋಣೆಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇಬ್ಬರ ಬಳಿ ಆರ್‌ಟಿಎಕ್ಸ್ 4060 ಇರುವ ಡೆಸ್ಕ್‌ಟಾಪ್. ಆ ಕಾರ್ಡಿನ ಮಿತಿ 115 ವಾಟ್. ಆಟದ ಹೊತ್ತಿನಲ್ಲಿ ಪ್ರೊಸೆಸರ್ ಒಂದು 80, ಮದರ್‌ಬೋರ್ಡ್, ಫ್ಯಾನು, ಎಸ್‌ಎಸ್‌ಡಿ ಎಲ್ಲ ಸೇರಿ 40 ಎಂದುಕೊಂಡರೆ 235 ವಾಟ್. ಎಸ್‌ಎಂಪಿಎಸ್ ತನ್ನೊಳಗೇ ಶೇ. 15ರಷ್ಟನ್ನು ಶಾಖವಾಗಿ ಕಳೆಯುತ್ತದೆ, ಹಾಗಾಗಿ ಗೋಡೆಯಿಂದ ಬರಬೇಕಾದ್ದು ಸುಮಾರು 275. ಮಾನಿಟರಿಗೆ 25 ಸೇರಿಸಿ, ಒಬ್ಬೊಬ್ಬರದು 300 ವಾಟ್. ಮೂರನೆಯವನದು ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060, 170 ವಾಟಿನ ಕಾರ್ಡು. ಅವನ ಎಸ್‌ಎಂಪಿಎಸ್ ಇನ್ನೂ ಸ್ವಲ್ಪ ಹೆಚ್ಚು ಶಾಖ ಕಳೆಯುತ್ತದೆ ಎಂದು ಹಿಡಿದರೆ ಅವನದು ಸುಮಾರು 390. ನಾಲ್ಕನೆಯವನದು 230 ವಾಟ್ ಅಡಾಪ್ಟರಿನ ಗೇಮಿಂಗ್ ಲ್ಯಾಪ್‌ಟಾಪ್. ಬ್ಯಾಟರಿ ಖಾಲಿಯಿದ್ದಾಗಲೇ ಆಟಕ್ಕೆ ಕೂತರೆ 250ರವರೆಗೂ ಹೋಗುತ್ತದೆ.

ಎಲ್ಲ ಕೂಡಿದರೆ 1240 ವಾಟ್. ಪೆಟ್ಟಿಗೆಗಳ ಮೇಲಿನ ಸಂಖ್ಯೆಯನ್ನೇ ಕೂಡಿದ್ದರೆ ಇದು 2000 ದಾಟುತ್ತಿತ್ತು, ವಾರ್ಡನ್ ಹೆದರುವುದು ಆ ಸಂಖ್ಯೆಗೆ.

ಈಗ ಆಂಪಿಯರ್. ವೈರಿಗೂ ಎಂಸಿಬಿಗೂ ಅರ್ಥವಾಗುವುದು ವಾಟ್ ಅಲ್ಲ, ಆಂಪಿಯರ್. 230 ವೋಲ್ಟಿನಲ್ಲಿ, ಪವರ್ ಫ್ಯಾಕ್ಟರ್ 0.95 ಇದ್ದರೆ 1240 ವಾಟಿಗೆ ಸುಮಾರು 5.7 ಆಂಪಿಯರ್. ಆದರೆ ಮೂರನೆಯವನ ಎಸ್‌ಎಂಪಿಎಸ್ ಅಗ್ಗದ್ದಾಗಿ, ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟೇ ಇಲ್ಲದ್ದಾಗಿದ್ದರೆ ಅವನೊಬ್ಬನದೇ 1.8ರ ಬದಲು 2.6 ಆಂಪಿಯರ್ ಆಗುತ್ತದೆ. ಮೀಟರಿನಲ್ಲಿ ಯೂನಿಟ್ ಹೆಚ್ಚು ಓಡುವುದಿಲ್ಲ, ವೈರ್ ಮಾತ್ರ ಹೆಚ್ಚು ಬಿಸಿಯಾಗುತ್ತದೆ. ಹೀಗೆ ಕೋಣೆಯ ಕಂಪ್ಯೂಟರುಗಳದ್ದು ಆರೂವರೆ ಆಂಪಿಯರ್ ಹತ್ತಿರ. ಎರಡು ಸೀಲಿಂಗ್ ಫ್ಯಾನ್, ಟ್ಯೂಬ್‌ಲೈಟ್, ಫೋನ್ ಚಾರ್ಜರ್ ಸೇರಿ ಇನ್ನೊಂದು ಆಂಪಿಯರ್. ಒಟ್ಟು ಏಳೂವರೆ. ಈ ಏಳೂವರೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆ.

ಅಂದಾಜು ಬೇಡ ಅನ್ನುವವರು ಪ್ಲಗ್ಗಿಗೆ ಸಿಕ್ಕಿಸುವ ಪವರ್ ಮೀಟರ್ ಒಂದನ್ನು ನಾಲ್ವರೂ ಸೇರಿ ಕೊಳ್ಳಿ. ವಾಟ್, ವೋಲ್ಟ್, ಆಂಪಿಯರ್, ಪವರ್ ಫ್ಯಾಕ್ಟರ್ ನಾಲ್ಕನ್ನೂ ತೋರಿಸುವಂಥದ್ದಾಗಿರಲಿ. ಕೆಳಗಿನ ನಾಲ್ಕನೇ ಸೂತ್ರಕ್ಕೆ ಅದು ಬೇಕೇ ಬೇಕು.

2. ನಿಮ್ಮ ಎಂಸಿಬಿಯಲ್ಲಿ ಇನ್ನು ಯಾರ್ಯಾರು ಪಾಲುದಾರರು ಎಂದು ಪತ್ತೆ ಮಾಡಿ

ಕೋಣೆಗೊಂದು ಎಂಸಿಬಿ ಇರುವ ಹಾಸ್ಟೆಲ್ ಅದೃಷ್ಟವಂತ ಹಾಸ್ಟೆಲ್. ಹಳೆಯ ಕಟ್ಟಡಗಳಲ್ಲಿ ಎರಡು ಅಥವಾ ಮೂರು ಕೋಣೆ ಒಂದೇ ಸರ್ಕ್ಯೂಟಿನಲ್ಲಿ ಇರುವುದು ಸಾಮಾನ್ಯ. ಯಾಕೆಂದರೆ ಆ ವೈರಿಂಗ್ ಮಾಡಿದಾಗ ಕೋಣೆಯೊಂದಕ್ಕೆ ಎರಡು ಲೈಟು, ಒಂದು ಫ್ಯಾನು, ಟೇಪ್ ರೆಕಾರ್ಡರಿಗೆ ಒಂದು ಪ್ಲಗ್ಗು ಸಾಕಿತ್ತು. ನಮ್ಮ ದೇಶದ ವೈರಿಂಗ್ ಮಾನದಂಡ ಲೈಟು ಫ್ಯಾನುಗಳ ಸರ್ಕ್ಯೂಟಿಗೆ ಇಟ್ಟಿದ್ದ ಮಿತಿಯೇ ಹತ್ತು ಪಾಯಿಂಟು, 800 ವಾಟ್. ಮಂಚದ ಪಕ್ಕದ ಸಣ್ಣ ಪಿನ್ನಿನ ಪ್ಲಗ್ ಪಾಯಿಂಟು ಸಾಮಾನ್ಯವಾಗಿ ಈ ಸರ್ಕ್ಯೂಟಿನದೇ. ನಾಲ್ಕು ಪಿಸಿಗಳು ಆ ಮಿತಿಯನ್ನು ಮೊದಲೇ ದಾಟಿವೆ.

ಪತ್ತೆ ಮಾಡುವುದು ಸುಲಭ. ಹಾಸ್ಟೆಲಿನ ಎಲೆಕ್ಟ್ರಿಷಿಯನ್ ಇದ್ದಾಗ, ಅವರ ಕೈಯಲ್ಲೇ, ಕಾರಿಡಾರಿನ ಡಿಬಿ ಬಾಕ್ಸಿನಲ್ಲಿ ಒಂದು ಎಂಸಿಬಿ ಆಫ್ ಮಾಡಿಸಿ. ಯಾವ ಕೋಣೆಗಳ ಫ್ಯಾನ್ ನಿಂತಿತು, ಯಾವ ಕೋಣೆಯ ಪ್ಲಗ್ ಸತ್ತಿತು ಎಂದು ಒಬ್ಬ ಓಡಾಡಿ ಬರೆದುಕೊಳ್ಳಲಿ. ಎಂಸಿಬಿಯ ಮೇಲೆ C10, B16 ಎಂಬಂತೆ ಬರೆದಿರುತ್ತದೆ, ಅಕ್ಷರದ ಪಕ್ಕದ ಸಂಖ್ಯೆಯೇ ಆಂಪಿಯರ್. ಹತ್ತು ನಿಮಿಷದ ಕೆಲಸ. ಆದರೆ ಡಿಬಿಯ ಒಳಮುಚ್ಚಳ ತೆಗೆಯುವ ಕೆಲಸಕ್ಕೆ ನೀವು ಕೈಹಾಕಬೇಡಿ, ಎಂಸಿಬಿ ಇಳಿಸಿದರೂ ಮೇಲಿನ ಪಟ್ಟಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ.

ನಮ್ಮ ಕೋಣೆ 10 ಆಂಪಿಯರ್ ಎಂಸಿಬಿಯಲ್ಲಿ ಪಕ್ಕದ ಕೋಣೆಯ ಜೊತೆ ಇದೆ ಎಂದಿಟ್ಟುಕೊಳ್ಳಿ. ಪಕ್ಕದವರು ಲೈಟು ಫ್ಯಾನು ಮಾತ್ರ ಹಾಕಿಕೊಂಡು ಓದುತ್ತಿದ್ದರೆ ಒಟ್ಟು ಎಂಟೂವರೆ, ಎಂಸಿಬಿ ತಾಳುತ್ತದೆ. ಅವರಲ್ಲೂ ನಾಲ್ಕು ಪಿಸಿ ಇದ್ದು ಶನಿವಾರ ರಾತ್ರಿ ಎರಡೂ ಕೋಣೆ ಟೂರ್ನಮೆಂಟಿಗೆ ಕೂತರೆ ಒಟ್ಟು ಹದಿನೈದು. ಎಂಸಿಬಿ ಆಗಲೂ ತಕ್ಷಣ ಬೀಳುವುದಿಲ್ಲ. ಮಾನದಂಡದ ಪ್ರಕಾರ ತನ್ನ ಮಿತಿಯ 1.13 ಪಟ್ಟಿನಲ್ಲಿ ಅದು ಒಂದು ಗಂಟೆ ಬೀಳಬಾರದು, 1.45 ಪಟ್ಟಿನಲ್ಲಿ ಒಂದು ಗಂಟೆಯೊಳಗೆ ಬೀಳಲೇಬೇಕು. ಒಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಲು ಸಮಯ ಬೇಕು. ‘ಮೊದಲ ಮ್ಯಾಚ್ ಸರಿಯಾಗಿ ಆಗುತ್ತದೆ, ಎರಡನೆಯದರ ನಡುವೆ ಬೀಳುತ್ತದೆ, ಎಂಸಿಬಿ ಕೆಟ್ಟಿದೆ’ ಎಂಬ ದೂರಿನ ಹಿಂದಿರುವುದು ಇದು. ಎಂಸಿಬಿ ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ.

ಪಕ್ಕದ ಕೋಣೆಯಲ್ಲಿ ಪಿಸಿ ಇಲ್ಲದೆಯೂ ಇದೇ ಆಗಬಹುದು. ರಾತ್ರಿ ಹನ್ನೊಂದಕ್ಕೆ ಅಲ್ಲಿ ಯಾರೋ ಮ್ಯಾಗಿಗೆಂದು 1500 ವಾಟಿನ ಕೆಟಲ್ ಹಾಕುತ್ತಾರೆ. ಅದೊಂದೇ ಆರೂವರೆ ಆಂಪಿಯರ್, ನಮ್ಮ ನಾಲ್ಕೂ ಕಂಪ್ಯೂಟರಿಗೆ ಸಮ. ಕೆಟಲ್ ಐದು ನಿಮಿಷದಲ್ಲಿ ನಿಲ್ಲುವುದರಿಂದ ಒಮ್ಮೊಮ್ಮೆ ಎಂಸಿಬಿ ಬೀಳದೆಯೂ ಹೋಗಬಹುದು. ಬಕೆಟ್ಟಿಗೆ ಹಾಕುವ ಕಾಯಿಲ್ ಹಾಗಲ್ಲ, ಅದು ಇಪ್ಪತ್ತು ನಿಮಿಷ ಎಳೆಯುತ್ತದೆ. ಆದ್ದರಿಂದ ಕೋಣೆಗಳ ನಡುವೆ ಒಪ್ಪಂದ ಆಗಬೇಕಾದ್ದು ಪಿಸಿಯ ಬಗ್ಗೆ ಅಷ್ಟೇ ಅಲ್ಲ. ಆಟ ನಡೆಯುವ ಹೊತ್ತಿನಲ್ಲಿ ಆ ಎಂಸಿಬಿಯ ಮೇಲೆ ಕೆಟಲ್, ಕಾಯಿಲ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ ಯಾವುದೂ ಬೇಡ. ಇವುಗಳಲ್ಲಿ ಹೆಚ್ಚಿನವು ಹಾಸ್ಟೆಲಿನಲ್ಲಿ ನಿಷಿದ್ಧ ಎಂಬುದೂ, ಎಲ್ಲರ ಮಂಚದ ಕೆಳಗೆ ಇವೆ ಎಂಬುದೂ ಎಲ್ಲರಿಗೂ ಗೊತ್ತು.

3. ಬೀಳುವ ಎಂಸಿಬಿಯ ಜಾಗಕ್ಕೆ ದೊಡ್ಡದನ್ನು ಹಾಕಿಸಬೇಡಿ

‘ಅಣ್ಣಾ, ಈ ಹತ್ತರದ್ದು ಪದೇ ಪದೇ ಬೀಳ್ತಿದೆ, ಒಂದು ಮೂವತ್ತೆರಡರದ್ದು ಹಾಕ್ಬಿಡಿ.’

‘ಹಾಕ್ಬಹುದಪ್ಪಾ. ಗೋಡೆ ಒಳಗಿನ ವೈರ್ ದಪ್ಪ ಮಾಡೋರು ಯಾರು?’

ಇಂಥ ಉತ್ತರ ಕೊಡುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅವರನ್ನು ಕೈಬಿಡಬೇಡಿ. ಎಂಸಿಬಿ ಇರುವುದು ನಿಮ್ಮ ಪಿಸಿಯನ್ನು ಕಾಯಲಿಕ್ಕಲ್ಲ, ಗೋಡೆಯೊಳಗಿನ ವೈರನ್ನು ಕಾಯಲಿಕ್ಕೆ. ಲೈಟಿನ ಸರ್ಕ್ಯೂಟಿಗೆ ಎಳೆದಿರುವುದು ಹೆಚ್ಚಾಗಿ ‘ಒಂದೂವರೆ ಎಂಎಂ’ ವೈರ್, ಅಂದರೆ 1.5 ಚದರ ಮಿಲಿಮೀಟರ್ ತಾಮ್ರ. ಪೈಪಿನೊಳಗೆ ಒಂಟಿಯಾಗಿದ್ದರೆ ಅದು ಸುಮಾರು 15 ಆಂಪಿಯರ್ ಹೊರಬಲ್ಲದು. ಆದರೆ ಹಾಸ್ಟೆಲಿನ ಪೈಪುಗಳಲ್ಲಿ ಮೂರು ಸರ್ಕ್ಯೂಟುಗಳ ವೈರ್ ಒಟ್ಟಿಗೆ ತುರುಕಿರುತ್ತಾರೆ. ಒಂದರ ಶಾಖ ಇನ್ನೊಂದಕ್ಕೆ ತಾಗುವುದರಿಂದ ಆಗ ಅದರ ಸಾಮರ್ಥ್ಯ ಶೇ. 70ಕ್ಕೆ, ಅಂದರೆ ಹತ್ತೂವರೆ ಆಂಪಿಯರಿಗೆ ಇಳಿಯುತ್ತದೆ.

ಅಲ್ಲಿ 16 ಆಂಪಿಯರಿನ ಎಂಸಿಬಿ ಕೂರಿಸಿದರೂ ಸಾಕು, 18 ಆಂಪಿಯರ್ ಗಂಟೆಗಟ್ಟಲೆ ಹರಿದರೂ ಅದು ಬೀಳಬೇಕೆಂದಿಲ್ಲ. ಶಾಖ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಹತ್ತೂವರೆಯ ಜಾಗದಲ್ಲಿ ಹದಿನೆಂಟು ಹರಿದರೆ ವೈರಿನಲ್ಲಿ ಹುಟ್ಟುವ ಶಾಖ ಹೆಚ್ಚುಕಡಿಮೆ ಮೂರು ಪಟ್ಟು. ಸಾಮಾನ್ಯ ಪಿವಿಸಿ ಹೊದಿಕೆ 70 ಡಿಗ್ರಿಗೆ ತಾಳುವಂಥದ್ದು. ಅದನ್ನು ದಾಟಿದರೆ ಅಂದೇ ಉರಿಯುವುದಿಲ್ಲ, ಪ್ರತಿ ರಾತ್ರಿಯೂ ಸ್ವಲ್ಪ ಸ್ವಲ್ಪ ಗಡುಸಾಗಿ, ಬಿರುಕು ಬಿಟ್ಟು, ನಿಮ್ಮ ಬ್ಯಾಚ್ ಪಾಸಾಗಿ ಹೋದ ಮೇಲೆ ಬಂದ ಜೂನಿಯರುಗಳ ಕಾಲಕ್ಕೆ ಶಾರ್ಟ್ ಆಗುತ್ತದೆ. 32 ಆಂಪಿಯರಿನದು ಹಾಕಿಸಿದರೆ ಅಷ್ಟು ಕಾಯಬೇಕಾಗಿಲ್ಲ.

4. ತಿಂಗಳಿಗೊಮ್ಮೆ ವೋಲ್ಟೇಜ್ ಇಳಿತದ ಪರೀಕ್ಷೆ ಮಾಡಿ

ಹಾಸ್ಟೆಲ್ ವೈರಿಂಗಿನಲ್ಲಿ ಬೆಂಕಿಗೆ ದಾರಿ ಮಾಡುವುದು ಹೆಚ್ಚಾಗಿ ಸಡಿಲ ಜೋಡಣೆ. ಅದನ್ನು ಎಂಸಿಬಿ ಗುರುತಿಸುವುದಿಲ್ಲ. ಯಾಕೆಂದರೆ ಸಡಿಲ ಸ್ಕ್ರೂ ಇದ್ದಾಗ ಕರೆಂಟ್ ಹೆಚ್ಚುವುದಿಲ್ಲ, ಒಂದೇ ಜಾಗದಲ್ಲಿ ಶಾಖ ಹೆಚ್ಚುತ್ತದೆ. ಪವರ್ ಮೀಟರ್ ಇದ್ದರೆ ಗೋಡೆ ಒಡೆಯದೆ ಅದರ ಸುಳಿವು ಹಿಡಿಯಬಹುದು.

ಪಿಸಿಗಳೆಲ್ಲ ಖಾಲಿ ಕೂತಿರುವಾಗ, ಅಂದರೆ ಡೆಸ್ಕ್‌ಟಾಪ್ ಮಾತ್ರ ತೋರಿಸುತ್ತಿರುವಾಗ, ಮೀಟರಿನಲ್ಲಿ ವೋಲ್ಟ್ ನೋಡಿ. ಆಮೇಲೆ ನಾಲ್ವರೂ ಒಟ್ಟಿಗೆ ಭಾರೀ ಆಟವೊಂದನ್ನು ಹಾಕಿ, ಭಾರ ಏರಿದ ಕೂಡಲೇ ಮತ್ತೆ ನೋಡಿ. ಊರಿನ ವೋಲ್ಟೇಜೇ ಏರಿಳಿಯುತ್ತಿರುವುದರಿಂದ ಒಮ್ಮೆ ನೋಡಿ ತೀರ್ಪು ಕೊಡಬೇಡಿ. ಆಟ ನಿಲ್ಲಿಸಿ, ಹಾಕಿ, ನಿಲ್ಲಿಸಿ, ಹಾಕಿ, ಪ್ರತಿಸಲವೂ ಅಷ್ಟೇ ಇಳಿದರೆ ಅದು ನಿಮ್ಮ ವೈರಿನದು.

ಎಷ್ಟು ಇಳಿದರೆ ಸರಿ? ಡಿಬಿಯಿಂದ ಕೋಣೆಗೆ 25 ಮೀಟರ್ ಒಂದೂವರೆ ಎಂಎಂ ವೈರ್ ಎಂದುಕೊಳ್ಳಿ. ಹೋಗಿ ಬರುವ ದಾರಿ 50 ಮೀಟರ್, ಅದರ ರೋಧ ಸುಮಾರು 0.6 ಓಮ್. ಭಾರ 6 ಆಂಪಿಯರ್ ಏರಿದರೆ ಇಳಿಯಬೇಕಾದ್ದು ಮೂರೂವರೆ ವೋಲ್ಟಿನಷ್ಟು. 232 ಇದ್ದದ್ದು 228 ಆದರೆ ನಿಶ್ಚಿಂತೆಯಿಂದ ಆಡಿ. ಆ ನಾಲ್ಕು ವೋಲ್ಟಿನಿಂದ ಹುಟ್ಟುವ ಇಪ್ಪತ್ತು ಚಿಲ್ಲರೆ ವಾಟ್ ಶಾಖ 25 ಮೀಟರ್ ಉದ್ದಕ್ಕೂ ಹಂಚಿಹೋಗುತ್ತದೆ.

232 ಇದ್ದದ್ದು 218 ಆದರೆ? ಹದಿನಾಲ್ಕು ವೋಲ್ಟ್, ಆರು ಆಂಪಿಯರ್. ಗುಣಿಸಿದರೆ 84 ವಾಟ್. ಮೂರೂವರೆ ವೋಲ್ಟ್ ವೈರಿನದು ಎಂದು ಕಳೆದರೂ ಅರವತ್ತಕ್ಕಿಂತ ಹೆಚ್ಚು ವಾಟ್ ನಡುವೆ ಎಲ್ಲೋ ಒಂದು ಕಡೆ ಸುಡುತ್ತಿದೆ. ಅದು ಹಳೆಯ 60 ವಾಟ್ ಬಲ್ಬಿನ ಶಾಖ, ಬೆರಳ ತುದಿಯಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ. ಅಂದು ಆಟ ಬೇಡ.

ಎಲ್ಲಿದೆ ಎಂದು ಹುಡುಕುವುದಕ್ಕೂ ಅದೇ ಮೀಟರ್ ಸಾಕು. ಭಾರವನ್ನು ಹಾಗೇ ಇಟ್ಟು, ಮೀಟರನ್ನು ಎಕ್ಸ್‌ಟೆನ್ಶನ್ ಬಾಕ್ಸಿನಿಂದ ತೆಗೆದು ಅದೇ ಬೋರ್ಡಿನ ಇನ್ನೊಂದು ಗೋಡೆ ಪ್ಲಗ್ಗಿಗೆ ಸಿಕ್ಕಿಸಿ. ಅಲ್ಲಿ 228 ತೋರಿಸಿದರೆ ತಪ್ಪು ಎಕ್ಸ್‌ಟೆನ್ಶನ್‌ನದು ಅಥವಾ ಅದು ಕೂತಿರುವ ಪ್ಲಗ್ ಪಾಯಿಂಟಿನದು. ಅಲ್ಲೂ 218 ಇದ್ದರೆ ಬೋರ್ಡಿನ ಹಿಂದೆ, ಡಿಬಿಯಲ್ಲಿ, ಅಥವಾ ನಡುವಿನ ಜಂಕ್ಷನ್ ಬಾಕ್ಸಿನಲ್ಲಿ. ಪಕ್ಕದ ಕೋಣೆಯಲ್ಲೂ ಹಾಗೇ ಇಳಿದರೆ ಇಬ್ಬರಿಗೂ ಸಾಮಾನ್ಯವಾದ ಜಾಗದಲ್ಲಿ. ಎಲೆಕ್ಟ್ರಿಷಿಯನ್‌ಗೆ ‘ಎಲ್ಲೋ ಲೂಸ್ ಇದೆ’ ಎಂದರೆ ಅವರು ಬರುವುದು ಮುಂದಿನ ವಾರ. ಯಾವ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ಎಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅಂದೇ ಬರುತ್ತಾರೆ.

5. ಪ್ಲಗ್ ಪಾಯಿಂಟನ್ನು ಮೂಗಿನಿಂದಲೂ ಕೈಯಿಂದಲೂ ಪರೀಕ್ಷಿಸಿ

ಸಣ್ಣ ಪಿನ್ನಿನ ಪ್ಲಗ್ ಪಾಯಿಂಟು 6 ಆಂಪಿಯರಿನದು, ದೊಡ್ಡದು 16 ಆಂಪಿಯರಿನದು. ನಾಲ್ಕು ಪಿಸಿಗಳ ಆರೂವರೆ ಆಂಪಿಯರನ್ನು ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿ, ಅದನ್ನು ಒಂದು ಸಣ್ಣ ಪಾಯಿಂಟಿಗೆ ಸಿಕ್ಕಿಸಿದರೆ ಗೋಡೆಯ ವೈರ್ ಚೆನ್ನಾಗಿದ್ದರೂ ಪಾಯಿಂಟು ಮಿತಿ ಮೀರಿರುತ್ತದೆ. ಹಾಗಾಗಿ ಇಬ್ಬಿಬ್ಬರಿಗೊಂದು ಬಾಕ್ಸ್, ಬೇರೆ ಬೇರೆ ಗೋಡೆ ಪಾಯಿಂಟಿಗೆ. ಒಂದರ ಬಾಲಕ್ಕೆ ಇನ್ನೊಂದು ಸಿಕ್ಕಿಸುವುದು ಬೇಡವೇ ಬೇಡ, ಪ್ರತಿ ಸಿಕ್ಕಿಸುವಿಕೆಯೂ ಸಡಿಲವಾಗಬಲ್ಲ ಇನ್ನೊಂದು ಜಾಗ. ಕೋಣೆಯಲ್ಲಿ 16 ಆಂಪಿಯರಿನ ಪವರ್ ಪ್ಲಗ್ ಇದ್ದು, ಅದು ಬೇರೆ ಎಂಸಿಬಿಯಿಂದ ಎರಡೂವರೆ ಅಥವಾ ನಾಲ್ಕು ಎಂಎಂ ವೈರಿನಲ್ಲಿ ಬಂದಿದ್ದರೆ ನಾಲ್ವರೂ ಅದಕ್ಕೇ ಹೋಗಬಹುದು. ಆಗ ಎಕ್ಸ್‌ಟೆನ್ಶನ್ ಕೂಡ 16 ಆಂಪಿಯರಿನ ಪ್ಲಗ್ಗಿದ್ದು 1.5 ಎಂಎಂ ಕೇಬಲ್ಲಿನದಾಗಿರಬೇಕು. ಕೇಬಲ್ಲಿನ ಮೇಲೆ ಅಚ್ಚಾಗಿರುತ್ತದೆ, ಓದಿ ಕೊಳ್ಳಿ. ಸಂತೆಯಲ್ಲಿ ಸಿಗುವ, ಎಲ್ಲ ದೇಶದ ಪ್ಲಗ್ಗೂ ಹಿಡಿಸುವ ತೂತಿನ ಬಾಕ್ಸುಗಳು ಯಾವ ಪ್ಲಗ್ಗನ್ನೂ ಬಿಗಿಯಾಗಿ ಹಿಡಿಯುವುದಿಲ್ಲ.

ಒಂದು ಗಂಟೆ ಆಡಿದ ಮೇಲೆ ಪ್ಲಗ್ಗಿನ ಪ್ಲಾಸ್ಟಿಕ್ ಮೈಗೆ ಕೈಯ ಹಿಂಬದಿ ತಾಗಿಸಿ. ಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ಸ್ವಿಚ್ ಆರಿಸಿ, ತೆಗೆದು, ಪಿನ್ ನೋಡಿ. ಒಂದು ಪಿನ್ ಮಾತ್ರ ಕಪ್ಪಾಗಿದ್ದರೆ, ಅಥವಾ ತೂತಿನ ಸುತ್ತ ಕಂದು ಬಣ್ಣ ಬಂದಿದ್ದರೆ ಒಳಗಿನ ಹಿತ್ತಾಳೆ ಹಿಡಿತ ಸಡಿಲವಾಗಿದೆ. ಪಾಯಿಂಟನ್ನು ಬದಲಿಸಬೇಕು, ಪಿನ್ ಉಜ್ಜಿ ಮತ್ತೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ವಾಸನೆಯೂ ಮುಖ್ಯ. ಸುಡುವ ಸ್ವಿಚ್ ಪ್ಲಾಸ್ಟಿಕ್ ಒಮ್ಮೊಮ್ಮೆ ಮೀನಿನಂಥ ವಾಸನೆ ಬಿಡುತ್ತದೆ. ಮಂಗಳೂರು, ಕಾರವಾರದ ಕಡೆಯ ಹಾಸ್ಟೆಲಿನವರು ಅದನ್ನು ಮೆಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ಚರಚರ ಸದ್ದು ಕೇಳಿದರೆ ಒಳಗೆ ಕಿಡಿ ಹಾರುತ್ತಿದೆ ಎಂದರ್ಥ, ಅಲ್ಲಿಂದಾಚೆಗೆ ಎಂಸಿಬಿಯನ್ನೇ ಇಳಿಸಬೇಕು.

6. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎಂದರೆ ಅರ್ಥಿಂಗ್ ಇಲ್ಲ

ಎಸ್‌ಎಂಪಿಎಸ್ ಒಳಗೆ ಗದ್ದಲ ಸೋಸುವ ಪುಟ್ಟ ಕೆಪಾಸಿಟರುಗಳು ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ಲೋಹದ ಮೈಗೆ ಜೋಡಣೆಯಾಗಿರುತ್ತವೆ. ಅರ್ಥ್ ಸರಿಯಿದ್ದರೆ ಆ ಸೋರಿಕೆ ಅಲ್ಲೇ ಹರಿದುಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಕರೆಂಟ್ ತೀರಾ ಅಲ್ಪ, ಅದಕ್ಕೇ ಬರೀ ಜುಮ್ ಎನ್ನುತ್ತದೆ. ಆದರೆ ನಾಳೆ ಒಳಗೆ ನಿಜವಾಗಿ ಫೇಸ್ ತಾಗಿದರೆ ಕಾಯುವವರು ಯಾರೂ ಇಲ್ಲ ಎಂಬುದನ್ನು ಅದು ಇವತ್ತೇ ತಿಳಿಸುತ್ತಿದೆ. ನಾಲ್ಕು ಪಿಸಿ ಒಂದೇ ಎಕ್ಸ್‌ಟೆನ್ಶನ್‌ನಲ್ಲಿದ್ದು ಅದರ ಅರ್ಥ್ ಕಡಿದಿದ್ದರೆ ನಾಲ್ಕರ ಸೋರಿಕೆಯೂ ಒಟ್ಟಾಗಿ, ಒಬ್ಬನ ಪಿಸಿ ಮುಟ್ಟಿದವನಿಗೆ ಎಲ್ಲರದ್ದೂ ಸೇರಿ ಹೊಡೆಯುತ್ತದೆ. ಚಪ್ಪಲಿ ಹಾಕಿಕೊಂಡು ಆಡುವುದು ಪರಿಹಾರವಲ್ಲ. ಮೂರನೇ ಪಿನ್ ಮುರಿದು ಸಿಕ್ಕಿಸುವ ಜಾಣತನವಂತೂ ಬೇಡ.

ಅರ್ಥ್ ಸರಿಯಿದ್ದು, ಡಿಬಿಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಇನ್ನೊಂದು ವಿಚಿತ್ರ ಕಾಣಬಹುದು. ಅದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಒಂದೊಂದು ಪಿಸಿಯ ಸಹಜ ಸೋರಿಕೆ ಒಂದು ಮಿಲಿಆಂಪಿಯರ್ ಆಸುಪಾಸು. ಇಡೀ ಫ್ಲೋರಿಗೆ ಒಂದೇ ಆರ್‌ಸಿಸಿಬಿ ಇದ್ದು ಹದಿನೈದು ಇಪ್ಪತ್ತು ಪಿಸಿ ಹತ್ತಿದರೆ, ಯಾರಿಗೂ ಶಾಕ್ ಹೊಡೆಯದೆ, ಯಾವುದೂ ಕೆಡದೆ ಅದು ಬೀಳಬಹುದು. ಆಗ ಅದನ್ನು ಬೈಪಾಸ್ ಮಾಡುವವರು ಸಿಗುತ್ತಾರೆ. ಅವರನ್ನು ತಡೆಯಿರಿ. ಸರಿಯಾದ ದಾರಿ ಸರ್ಕ್ಯೂಟುಗಳನ್ನು ಎರಡು ಮೂರು ಆರ್‌ಸಿಸಿಬಿಗಳಿಗೆ ಹಂಚುವುದು.

7. ಒಂದು ಕೋಣೆಯ ಲೈಟು ಮಂಕಾಗಿ ಇನ್ನೊಂದರದ್ದು ಪ್ರಖರವಾದರೆ, ಎಲ್ಲರೂ ಪ್ಲಗ್ ಕಿತ್ತುಬಿಡಿ

ಹಾಸ್ಟೆಲ್ ಬ್ಲಾಕಿಗೆ ಬರುವುದು ಮೂರು ಫೇಸ್. ಒಂದಿಷ್ಟು ಕೋಣೆ ಒಂದರಲ್ಲಿ, ಇನ್ನೊಂದಿಷ್ಟು ಇನ್ನೊಂದರಲ್ಲಿ, ಎಲ್ಲರಿಗೂ ವಾಪಸು ಹೋಗುವ ದಾರಿ ಮಾತ್ರ ಒಂದೇ ನ್ಯೂಟ್ರಲ್. ಮೂರೂ ಫೇಸಿನಲ್ಲಿ ಭಾರ ಸಮವಾಗಿದ್ದರೆ ನ್ಯೂಟ್ರಲ್ಲಿನಲ್ಲಿ ಏನೂ ಹರಿಯುವುದಿಲ್ಲ ಎಂದು ಪಠ್ಯಪುಸ್ತಕ ಹೇಳುತ್ತದೆ. ಅದು ಹೀಟರಿಗೆ ನಿಜ, ಕಂಪ್ಯೂಟರಿಗೆ ಅಲ್ಲ. ಪವರ್ ಫ್ಯಾಕ್ಟರ್ ತಿದ್ದದ ಎಸ್‌ಎಂಪಿಎಸ್‌ಗಳು ಕರೆಂಟನ್ನು ಸರಾಗವಾಗಿ ಎಳೆಯದೆ ವೋಲ್ಟೇಜ್ ತುದಿಗೇರಿದಾಗ ಮಾತ್ರ ಕಚ್ಚಿ ಎಳೆಯುತ್ತವೆ. ಹಾಗೆ ಹುಟ್ಟುವ 150 ಹರ್ಟ್ಸ್‌ನ ಅಂಶ ಮೂರು ಫೇಸಿನದೂ ನ್ಯೂಟ್ರಲ್ಲಿನಲ್ಲಿ ಕಳೆದುಹೋಗುವ ಬದಲು ಕೂಡುತ್ತದೆ. ತೀರಾ ಕೆಟ್ಟ ಸಂದರ್ಭದಲ್ಲಿ ಫೇಸಿಗಿಂತ ಹೆಚ್ಚು ಕರೆಂಟ್ ನ್ಯೂಟ್ರಲ್ಲಿನಲ್ಲೇ ಹರಿಯಬಹುದು. ಅದನ್ನು ಕಾಯಲು ಸಾಮಾನ್ಯವಾಗಿ ಎಂಸಿಬಿಯೂ ಇರುವುದಿಲ್ಲ.

ಬಿಸಿಯಾಗಿ ಬಿಸಿಯಾಗಿ ಆ ನ್ಯೂಟ್ರಲ್ಲಿನ ಜೋಡಣೆ ಬಿಟ್ಟುಕೊಂಡರೆ ನಿಜವಾದ ಅನಾಹುತ. ಆಗ ಒಂದು ಫೇಸಿನ ಕೋಣೆಗಳೂ ಇನ್ನೊಂದು ಫೇಸಿನ ಕೋಣೆಗಳೂ 400 ವೋಲ್ಟಿನ ನಡುವೆ ಸಾಲಾಗಿ ಸಿಕ್ಕಿಕೊಳ್ಳುತ್ತವೆ. ಒಂದು ಕಡೆ ಸಾವಿರ ವಾಟಿನ ಭಾರ, ಇನ್ನೊಂದು ಕಡೆ 250 ವಾಟಿನ ಲೈಟು ಫ್ಯಾನು ಇದ್ದರೆ, ಸರಳ ಲೆಕ್ಕದಲ್ಲಿ ಭಾರ ಹೆಚ್ಚಿರುವ ಕಡೆ 80 ವೋಲ್ಟ್ ಉಳಿದು, ಭಾರ ಕಡಿಮೆ ಇರುವ ಕಡೆಗೆ 320 ವೋಲ್ಟ್ ಹೋಗುತ್ತದೆ. ಆಡದೆ ಮಲಗಿದವನ ಚಾರ್ಜರ್ ಸಿಡಿಯುವುದು ಹೀಗೆ. ಪಿಸಿಯ ಎಸ್‌ಎಂಪಿಎಸ್ 264 ವೋಲ್ಟಿನ ಮೇಲೆ ತಾಳುವ ಭರವಸೆ ಇಲ್ಲ, ಸ್ಪೈಕ್ ಬಸ್ಟರ್ ಇಂಥದ್ದನ್ನು ತಡೆಯುವುದಿಲ್ಲ.

ಗುರುತು ಸ್ಪಷ್ಟ. ಯಾರೋ ಏನೋ ಸ್ವಿಚ್ ಹಾಕಿದಾಗ ಒಂದು ಕೋಣೆಯ ಲೈಟು, ಫ್ಯಾನು ಕುಗ್ಗಿ ಇನ್ನೊಂದು ಕೋಣೆಯಲ್ಲಿ ಜೋರಾಗುತ್ತವೆ. ಮೀಟರಿನಲ್ಲಿ 250ರ ಮೇಲೆ ವೋಲ್ಟ್ ಕಂಡರೂ ಅದೇ ಅನುಮಾನ ಪಡಿ. ಆಟ ಸೇವ್ ಮಾಡುತ್ತ ಕೂರಬೇಡಿ. ಪ್ಲಗ್ ಕೀಳಿ, ಕಾರಿಡಾರಿನಲ್ಲಿ ಕೂಗಿ ಎಲ್ಲರಿಗೂ ಹೇಳಿ, ಮೇನ್ ಇಳಿಸಲು ವಾರ್ಡನ್‌ಗೆ ಫೋನ್ ಮಾಡಿ.

8. ಕರೆಂಟ್ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಹಾಕಬೇಡಿ

ಹೋದ ಕರೆಂಟ್ ಬಂದ ಕ್ಷಣದಲ್ಲಿ ಖಾಲಿಯಿರುವ ಎಸ್‌ಎಂಪಿಎಸ್ ಕೆಪಾಸಿಟರುಗಳು ಕಣ್ಣೆವೆ ಇಕ್ಕುವುದರೊಳಗೆ ಹತ್ತಾರು ಆಂಪಿಯರ್ ನುಂಗುತ್ತವೆ. ನಾಲ್ಕೂ ಒಟ್ಟಿಗೆ ನುಂಗಿದರೆ ಭಾರ ಇಲ್ಲದೆಯೂ ಎಂಸಿಬಿ ಬೀಳಬಹುದು. ಕರೆಂಟ್ ಹೋದಾಗ ಬೋರ್ಡಿನ ಸ್ವಿಚ್ ಆರಿಸಿಡಿ, ಬಂದ ಮೇಲೆ ಎರಡು ನಿಮಿಷ ಬಿಟ್ಟು ಒಬ್ಬರಾದ ಮೇಲೊಬ್ಬರು ಹಾಕಿ. ಜನರೇಟರ್ ಓಡುತ್ತಿರುವಾಗ ಆಟ ಬೇಡ, ಅದು ನೀರಿನ ಪಂಪಿಗೂ ದಾರಿದೀಪಕ್ಕೂ ಎಂದು ಲೆಕ್ಕ ಹಾಕಿ ಇಟ್ಟದ್ದು.

ಲೋ ವೋಲ್ಟೇಜಿನಲ್ಲೂ ಎಚ್ಚರ. ಬಲ್ಬು, ಹೀಟರ್ ವೋಲ್ಟೇಜ್ ಇಳಿದರೆ ಕಡಿಮೆ ಎಳೆಯುತ್ತವೆ. ಎಸ್‌ಎಂಪಿಎಸ್ ತನಗೆ ಬೇಕಾದ ವಾಟನ್ನು ಬಿಡದೆ ಹೆಚ್ಚು ಆಂಪಿಯರ್ ಎಳೆದು ತುಂಬಿಸಿಕೊಳ್ಳುತ್ತದೆ. ವಿದ್ಯುತ್ ಕಂಪನಿ ಕೊಡಬೇಕಾದ್ದು 230ರಿಂದ ಶೇ. 6ರಷ್ಟು ಆಚೀಚೆ, ಅಂದರೆ 216ರಿಂದ 244. ಬೇಸಗೆಯ ಸಂಜೆ ಸಣ್ಣ ಊರುಗಳಲ್ಲಿ 190ಕ್ಕೆ ಇಳಿದರೆ ನಮ್ಮ 5.7 ಆಂಪಿಯರ್ ಏಳರ ಹತ್ತಿರ ಹೋಗುತ್ತದೆ. ಸ್ಕ್ರೀನಿನಲ್ಲಿ ಏನೂ ಗೊತ್ತಾಗುವುದಿಲ್ಲ.

9. ಕಾರ್ಡಿಗೆ ಕಡಿವಾಣ ಹಾಕಿ, ಆಟ ಕೆಡುವುದಿಲ್ಲ

ವೈರ್ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ವಾಟ್ ಇಳಿಸುವುದು ಇದೆ. ಎನ್‌ವಿಡಿಯಾ ಕಾರ್ಡಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೊದಲು ಕಾರ್ಡಿನ ಕನಿಷ್ಠ, ಗರಿಷ್ಠ ಮಿತಿ ನೋಡಿ, ಆ ನಡುವಿನ ಸಂಖ್ಯೆ ಕೊಡಿ:

```
nvidia-smi -q -d POWER
nvidia-smi -pl 125
```

170 ವಾಟಿನ 3060 ಕಾರ್ಡನ್ನು 125ಕ್ಕೆ ಇಳಿಸಿದರೆ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಉಳಿಯುತ್ತದೆ, ವೇಗ ಆ ಪ್ರಮಾಣದಲ್ಲಿ ಕುಸಿಯುವುದಿಲ್ಲ. ಕಾರ್ಡುಗಳು ಕೊನೆಯ ಚೂರು ವೇಗಕ್ಕೇ ಅತಿ ಹೆಚ್ಚು ವಾಟ್ ತಿನ್ನುವುದು. ಕಂಪ್ಯೂಟರ್ ಮತ್ತೆ ಶುರುವಾದಾಗ ಇದು ಹಳೆಯ ಮಿತಿಗೆ ಮರಳುತ್ತದೆ, ಮತ್ತೆ ಕೊಡಬೇಕು. ಹೆಚ್ಚಿನ ಲ್ಯಾಪ್‌ಟಾಪುಗಳು ಇದಕ್ಕೆ ಒಪ್ಪುವುದಿಲ್ಲ. ಅಲ್ಲಿ ಆಟದ ಸೆಟ್ಟಿಂಗಿನಲ್ಲಿ ಫ್ರೇಮ್ ರೇಟಿಗೆ ಮಿತಿ ಹಾಕಿ. 60 ಹರ್ಟ್ಸ್ ಮಾನಿಟರಿಗೆ 200 ಫ್ರೇಮ್ ಕಳಿಸುವುದು ಬರೀ ಶಾಖ. ನಾಲ್ವರೂ ಹೀಗೆ ಮಾಡಿದರೆ 1240 ವಾಟ್ ಸಾವಿರದ ಕೆಳಗೆ ಬರುವುದು ಕಷ್ಟವಲ್ಲ, ಕೋಣೆಯ ಸೆಕೆಯೂ ಅಷ್ಟು ಕಡಿಮೆ.

10. ವಾರ್ಡನ್‌ಗೆ ಬೇಡಿಕೆ ಅಲ್ಲ, ಲೆಕ್ಕ ಕೊಡಿ

‘ಸರ್, ಪಿಸಿ ಇಡಲು ಬಿಡಿ’ ಎಂಬ ಅರ್ಜಿಗೆ ಉತ್ತರ ಗೊತ್ತೇ ಇದೆ. ಬದಲಿಗೆ ಒಂದು ಪುಟದಲ್ಲಿ ಬರೆಯಿರಿ: ನಮ್ಮ ಕೋಣೆಯ ಅಳೆದ ಭಾರ ಇಷ್ಟು, ನಮ್ಮ ಎಂಸಿಬಿಯಲ್ಲಿ ಇರುವ ಕೋಣೆಗಳು ಇವು, ಭಾರ ಹಾಕಿದಾಗ ವೋಲ್ಟೇಜ್ ಇಳಿತ ಇಷ್ಟು, ಅರ್ಥ್ ಇಲ್ಲದ ಪಾಯಿಂಟುಗಳು ಇವು. ಕೇಳಬೇಕಾದ್ದನ್ನೂ ಹೆಸರಿಟ್ಟು ಕೇಳಿ. ಕೋಣೆಗೊಂದು ಪ್ರತ್ಯೇಕ ಪವರ್ ಸರ್ಕ್ಯೂಟ್, ಎರಡೂವರೆ ಎಂಎಂ ತಾಮ್ರದ ವೈರ್, 16 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ, ಫೇಸಿನಷ್ಟೇ ದಪ್ಪದ ನ್ಯೂಟ್ರಲ್. ಇಷ್ಟಿದ್ದರೆ ನಮ್ಮ ಉದಾಹರಣೆಯ ಕೋಣೆ ತನ್ನ ಸಾಮರ್ಥ್ಯದ ಅರ್ಧವನ್ನೂ ಮುಟ್ಟುವುದಿಲ್ಲ. ಹೊಸ ವೈರ್ ಎಳೆಯುವುದು ರಜೆಯಲ್ಲಿ ಮಾತ್ರ ಸಾಧ್ಯ, ಆದ್ದರಿಂದ ಪತ್ರ ಸೆಮಿಸ್ಟರ್ ಮುಗಿಯುವ ಎರಡು ತಿಂಗಳ ಮೊದಲೇ ಹೋಗಲಿ. ಅಲ್ಲಿಯವರೆಗೆ ಕಾರಿಡಾರಿನ ಸಡಿಲ ಸ್ಕ್ರೂಗಳನ್ನು ಬಿಗಿ ಮಾಡಿಸಿಕೊಡಿ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿ. ಅದಕ್ಕೆ ಖರ್ಚಿಲ್ಲ, ಒಪ್ಪಿಗೆ ಬೇಗ ಸಿಗುತ್ತದೆ.